ಸಿಸ್ಟಮ್‌ನಲ್ಲಿ ಏಳು, ರ‍್ಯಾಕ್‌ನಲ್ಲಿ ನಾಲ್ಕು

ನಾನು ಆನ್‌ಲೈನ್‌ನಲ್ಲಿ ಶೂ ಮಾರುತ್ತೇನೆ. ಒಂದು ದಿನ ಕಪ್ಪು ಶೂ, 8ನೇ ಸೈಜ್‌ಗೆ ಐದು ಆರ್ಡರ್ ಬಂದವು. ಸಿಸ್ಟಮ್ 7 ಜೊತೆ ಇದೆ ಅನ್ನುತ್ತಿತ್ತು, ರ‍್ಯಾಕ್‌ನಲ್ಲಿ ಸಿಕ್ಕಿದ್ದು ನಾಲ್ಕೇ. ಒಂದು ಆರ್ಡರ್ ಕ್ಯಾನ್ಸಲ್ ಮಾಡಬೇಕಾಯಿತು.

ಸುಮ್ನೆ 7ನ್ನು 4 ಮಾಡಿಬಿಡೋಣ ಅನಿಸಿತ್ತು. ಮಾಡಲಿಲ್ಲ, ಪುಣ್ಯಕ್ಕೆ. ಆ ಸೈಜ್‌ನ ಸ್ಟಾಕ್ ಎಂಟ್ರಿಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಕೊರಿಯರ್‌ನವರು ರಿಟರ್ನ್ ತಲುಪಿಸಿದ್ದೇವೆ ಅಂತ ಗುರುತು ಹಾಕಿದ ತಕ್ಷಣ ಸಿಸ್ಟಮ್ ತಾನಾಗಿಯೇ ಸ್ಟಾಕ್‌ಗೆ ಒಂದು ಸೇರಿಸುತ್ತಿತ್ತು. ಅದು ಗೊತ್ತಿಲ್ಲದೆ ನಮ್ಮ ಹುಡುಗ ಒಂದು ಜೊತೆಯನ್ನು ಕೈಯಾರೆ ಮತ್ತೆ ಸೇರಿಸಿದ್ದ. ಇನ್ನೊಂದು ಜೊತೆಯ ಅಡಿ ಸವೆದಿತ್ತು, ಅದನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಹಾಕಿದ್ದೆವು, ಆದರೆ ಲೆಕ್ಕದಿಂದ ಕಳೆದಿರಲಿಲ್ಲ. ಮೂರನೆಯದು ಮೂಲೆಯಲ್ಲಿ ಬಿಚ್ಚದ ಪಾರ್ಸೆಲ್‌ಗಳ ರಾಶಿಯಲ್ಲೇ ಕೂತಿತ್ತು!

ಅಂದರೆ ನಿಜವಾಗಿ ಇಲ್ಲದ್ದು ಎರಡೇ ಜೊತೆ. 4 ಅಂತ ತಿದ್ದಿದ್ದರೆ, ನಾಳೆ ಆ ಪಾರ್ಸೆಲ್ ಬಿಚ್ಚಿ ರ‍್ಯಾಕ್‌ಗೆ ಇಟ್ಟ ಮೇಲೆ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತಿತ್ತು, ಅಲ್ವಾ? ಹಾಗಾಗಿ ಎರಡು ಬೇರೆ ಬೇರೆ ಎಂಟ್ರಿ ಹಾಕಿದೆ: ಒಂದು ಕಳೆದದ್ದಕ್ಕೆ ಕಾರಣ ‘ಎರಡು ಸಲ ಸೇರಿದೆ’, ಇನ್ನೊಂದಕ್ಕೆ ‘ಸ್ಕ್ರ್ಯಾಪ್’. ಪಾರ್ಸೆಲ್‌ನಲ್ಲಿದ್ದ ಜೊತೆಯನ್ನು ಕಳೆಯಲಿಲ್ಲ, ‘ರಿಟರ್ನ್ ತಪಾಸಣೆ’ ಅನ್ನೋ ಹೊಸ ಜಾಗಕ್ಕೆ ವರ್ಗಾಯಿಸಿದೆ. ಅಲ್ಲಿರುವ ಮಾಲು ಲೆಕ್ಕದಲ್ಲಿರುತ್ತದೆ, ಮಾರಾಟಕ್ಕೆ ಮಾತ್ರ ಕಾಣುವುದಿಲ್ಲ.

ಈಗ ತಾನಾಗಿ ಸೇರುವ ಸೆಟ್ಟಿಂಗ್ ಆಫ್ ಮಾಡಿದ್ದೇನೆ. ಪಾರ್ಸೆಲ್ ಕೈಗೆ ಬಂದಾಗ ಸ್ಕ್ಯಾನ್ ಮಾಡಿದರೆ ಅದು ಮೊದಲು ತಪಾಸಣೆ ಜಾಗಕ್ಕೇ ಹೋಗುತ್ತದೆ. ಗಿರಾಕಿಗೆ ತಲುಪದೆ ವಾಪಸ್ ಬಂದದ್ದನ್ನೂ ಬಿಚ್ಚಿಯೇ ನೋಡುತ್ತೇವೆ.

ಶೂ ಬಿಚ್ಚಿದಾಗ ಮೊದಲು ಅಡಿ ನೋಡುತ್ತೇನೆ. ಮನೆಯೊಳಗೆ ಹಾಕಿ ನೋಡಿದ್ದಕ್ಕೂ ರಸ್ತೆಯಲ್ಲಿ ನಡೆದದ್ದಕ್ಕೂ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ, ಗೆರೆಗಳ ಸಂದಿಯಲ್ಲಿ ಮಣ್ಣಿನ ಕಣ ಸಿಕ್ಕಿಕೊಂಡಿರುತ್ತದೆ. ಆಮೇಲೆ ಎಡ ಬಲ ಎರಡರ ಸೈಜ್ ಓದುತ್ತೇನೆ. ನಗಬೇಡಿ, ಒಮ್ಮೆ ಎಡಗಾಲಿನದು 8, ಬಲಗಾಲಿನದು 7 ಬಂದಿತ್ತು. ಎಲ್ಲ ಸರಿಯಿದ್ದರೆ ಎ ಗ್ರೇಡ್, ನೇರ ರ‍್ಯಾಕ್‌ಗೆ. ಶೂ ಚೆನ್ನಾಗಿದ್ದು ಡಬ್ಬ ಮಾತ್ರ ಹರಿದಿದ್ದರೆ ಡಬ್ಬ ಬದಲಿಸಿ ಅದನ್ನೂ ಎ ಮಾಡುತ್ತೇನೆ. ಸ್ವಲ್ಪ ಬಳಸಿದ ಗುರುತಿದ್ದರೆ ಬಿ, ಅದಕ್ಕೆ ಬೇರೆ ಕೋಡ್:

```
SH-BLK-8
SH-BLK-8-B
```

ಬಿ ಗ್ರೇಡನ್ನು ಹೊಸದರ ಜೊತೆ ಸೇರಿಸಿದರೆ ಅದು ಮತ್ತೊಮ್ಮೆ ರಿಟರ್ನ್ ಆಗಿ ಬರುವುದೇ ಜಾಸ್ತಿ. ಉಳಿದದ್ದು ಸ್ಕ್ರ್ಯಾಪ್. ಡಬ್ಬಕ್ಕೆ ಹಾಕುವ ಮೊದಲೇ ಲೆಕ್ಕದಿಂದ ಕಳೆಯಬೇಕು, ಆಮೇಲೆ ಮಾಡೋಣ ಅಂದರೆ ಮರೆತೇ ಹೋಗುತ್ತದೆ.

ಇಷ್ಟಾದರೂ ವಾರಕ್ಕೊಮ್ಮೆ ಹೆಚ್ಚು ರಿಟರ್ನ್ ಬಂದ ಹತ್ತು ಕೋಡ್‌ಗಳನ್ನು ಕೈಯಾರೆ ಎಣಿಸುತ್ತೇನೆ. ಬೆಳಿಗ್ಗೆ, ಪ್ಯಾಕಿಂಗ್ ಶುರುವಾಗುವ ಮೊದಲು. ಪ್ಯಾಕ್ ಆಗಿ ಇನ್ನೂ ಹೊರಡದ ಡಬ್ಬಗಳನ್ನೂ ಸೇರಿಸಿಯೇ ಎಣಿಸುತ್ತೇನೆ, ಯಾಕೆಂದರೆ ನನ್ನ ಸಿಸ್ಟಮ್ ಮಾಲು ಹೊರಟ ಮೇಲಷ್ಟೇ ಅದನ್ನು ಕಳೆಯುತ್ತದೆ.