ರಾತ್ರಿ ಹತ್ತೂವರೆಯ ಬಾಯಿಚಪಲಕ್ಕೆ ಸಂಜೆ ಐದರ ಉಸಲಿ

ಊಟವಾಗಿ ಎರಡು ಗಂಟೆಯೊಳಗೆ ಮತ್ತೆ ಮಿಕ್ಸ್ಚರ್ ಡಬ್ಬ ಹುಡುಕುವ ಅಭ್ಯಾಸ ರಾತ್ರಿ ಬಾಯಿ ಕಟ್ಟಿದರೆ ಹೋಗುವುದಿಲ್ಲ. ನನಗೆ ಅದನ್ನು ಬಿಡಿಸಿದ್ದು ಸಂಜೆಯ ತಿಂಡಿ.

ಮೊದಲು ಒಂದು ವಾರ ಬರೆದಿಡಬೇಕು: ಎಷ್ಟು ಗಂಟೆಗೆ ಏನು ತಿಂದದ್ದು, ರಾತ್ರಿ ಯಾವಾಗ, ಏನು ಬೇಕೆನಿಸಿತು. ನನ್ನ ಪಟ್ಟಿ ಹೀಗಿತ್ತು: ಬೆಳಿಗ್ಗೆ 9ಕ್ಕೆ ಎರಡು ಇಡ್ಲಿ, 1ಕ್ಕೆ ಸ್ವಲ್ಪ ಅನ್ನ-ಸಾರು, 4ಕ್ಕೆ ಕಾಫಿ ಜೊತೆ ಎರಡು ಬಿಸ್ಕತ್ತು, 9ಕ್ಕೆ ಊಟ, 10:30ಕ್ಕೆ ಮಿಕ್ಸ್ಚರ್. ಹಗಲೆಲ್ಲ ಕಾಳು, ಮೊಸರು ಏನೂ ಇಲ್ಲ. ದೇಹದ ಗಡಿಯಾರದ ಪ್ರಕಾರ ಹಸಿವು ಬೆಳಿಗ್ಗೆ 8ರ ಸುಮಾರಿಗೆ ಕಡಿಮೆ, ರಾತ್ರಿ 8ರ ಸುಮಾರಿಗೆ ಹೆಚ್ಚು. ಹಗಲಿನ ಬಾಕಿಯೂ ಅದಕ್ಕೆ ಸೇರಿದರೆ ಊಟ ಮುಗಿದರೂ ಕೈ ನಿಲ್ಲುವುದಿಲ್ಲ.

ಹಸಿವೋ ಚಪಲವೋ ತಿಳಿಯಲು ಒಂದೇ ಪ್ರಶ್ನೆ ಸಾಕು: ಈಗ ತಣ್ಣನೆಯ ಮೊಸರನ್ನ ಕೊಟ್ಟರೆ ತಿನ್ನಬಲ್ಲೆನೇ? ಹೌದು ಎಂದರೆ ಹಸಿವು. ಬೇಡ, ಕುರುಕಲೇ ಬೇಕು ಎಂದರೆ ಚಪಲ. ಹಸಿವು ನಿಧಾನವಾಗಿ ಏರುತ್ತದೆ, ಹೊಟ್ಟೆ ಚುರುಗುಟ್ಟುತ್ತದೆ. ಚಪಲ ಥಟ್ಟನೆ ಬರುತ್ತದೆ, ಅದೂ ಹೆಚ್ಚಾಗಿ ಟಿವಿ ಹಾಕಿದ ಕೂಡಲೇ.

ಸಂಜೆ 5ಕ್ಕೆ ಬಿಸ್ಕತ್ತು ಬಿಟ್ಟು ಹೆಸರುಕಾಳಿನ ಉಸಲಿ. ಒಬ್ಬರಿಗೆ 30 ಗ್ರಾಂ ಒಣಕಾಳು, ಅಂದರೆ ಎರಡು ದೊಡ್ಡ ಚಮಚ. ಬೆಳಿಗ್ಗೆಯೇ ನೆನೆಹಾಕಿದರೆ ಸಂಜೆಗೆ ಬೇಗ ಬೇಯುತ್ತದೆ. ಕಾಳು ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಮುದ್ದೆಯಾಗಬಾರದು. ಒಗ್ಗರಣೆ, ತೆಂಗಿನತುರಿ, ನಿಂಬೆರಸ, ಅಷ್ಟೆ. ಸುಮಾರು 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಊಟವನ್ನು 8ಕ್ಕೆ ತಂದು, ಅನ್ನದ ಜೊತೆ ದಪ್ಪನೆಯ ಹುಳಿ, ಒಂದು ಬಟ್ಟಲು ಮೊಸರು.

ಆಮೇಲೂ ಚಪಲ ಬಂದರೆ ಹಲ್ಲುಜ್ಜಿ, ಅಡುಗೆಮನೆಯ ದೀಪ ಆರಿಸಿ, 20 ನಿಮಿಷ ಬೇರೆ ಕೆಲಸ. ಸಾಮಾನ್ಯವಾಗಿ ಅಷ್ಟರಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಸಣ್ಣ ಬಟ್ಟಲಿಗೆ ಹಾಕಿಕೊಂಡು, ಟಿವಿ ಆರಿಸಿ ತಿನ್ನುವುದು. ಡಬ್ಬವನ್ನು ಸೋಫಾಕ್ಕೆ ತರಬಾರದು. ನಿಜವಾದ ಹಸಿವಾದರೆ ಮೊಸರನ್ನವೇ ತಿನ್ನಿ, ಸುಮ್ಮನೆ ಸಹಿಸಬೇಡಿ.

ಕೆಡುವುದು ಹೆಚ್ಚಾಗಿ ಮರುದಿನ. ರಾತ್ರಿ ತಿಂದದ್ದಕ್ಕೆ ಶಿಕ್ಷೆಯೆಂದು ಬೆಳಿಗ್ಗೆ ತಿಂಡಿ ಬಿಟ್ಟರೆ ಅದೇ ಸುತ್ತು ಮತ್ತೆ ಶುರು. ನಿದ್ದೆ ಕಡಿಮೆಯಾದ ಮರುದಿನವೂ ಚಪಲ ಜೋರು; ಆ ದಿನ ಉಸಲಿ ತಪ್ಪಿಸಬೇಡಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ಬೆವರು, ನಡುಕದ ಜೊತೆ ಹಸಿವಾದರೆ ಅದು ಚಪಲವಲ್ಲ. ಸಕ್ಕರೆ ಪರೀಕ್ಷಿಸಿ, 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ತಿಂದು 15 ನಿಮಿಷದ ನಂತರ ಮತ್ತೆ ನೋಡಿ, ಬೆಳಿಗ್ಗೆ ವೈದ್ಯರಿಗೆ ತಿಳಿಸಿ. ವಾರಕ್ಕೆ ಎರಡು ಅಥವಾ ಹೆಚ್ಚು ಸಲ ನಿದ್ದೆಯಿಂದ ಎದ್ದು ತಿನ್ನುವವರಿಗೂ ಉಸಲಿಯೊಂದೇ ಸಾಲದು, ವೈದ್ಯರನ್ನು ಕಾಣಬೇಕು.