‘ಹಾರ್ಡ್ಲಿ’ಯಿಂದ ವಾಕ್ಯ ಶುರುವಾದಾಗ

ಪ್ಲಸ್ ಟು ಇಂಗ್ಲಿಷಿಗೆ ಓದುತ್ತಿರುವ ನಮ್ಮ ಕಾಸರಗೋಡಿನ ಕನ್ನಡ ಮಕ್ಕಳು ವಾಕ್ಯ ತಿರುಗಿಸಿ ಬರೆಯುವಾಗ ಹೆಚ್ಚಾಗಿ ಎಡವುವುದು ಇಲ್ಲಿ.

‘ಆಸ್ ಸೂನ್ ಆಸ್ ದ ಬಸ್ ಲೆಫ್ಟ್ ಕುಂಬಳೆ, ಇಟ್ ಸ್ಟಾರ್ಟೆಡ್ ಟು ರೇನ್’ ಎಂಬುದನ್ನು ‘ಹಾರ್ಡ್ಲಿ’ಯಿಂದ ಶುರುಮಾಡಬೇಕು ಎಂದುಕೊಳ್ಳಿ. ಮೊದಲು ನಡೆದದ್ದು ಬಸ್ಸು ಹೊರಟದ್ದು. ಆ ‘ಲೆಫ್ಟ್’ ಅನ್ನು ‘ಹ್ಯಾಡ್ ಲೆಫ್ಟ್’ ಮಾಡಿ, ‘ಹ್ಯಾಡ್’ ಒಂದನ್ನೇ ‘ದ ಬಸ್’ನ ಮುಂದಕ್ಕೆ ತನ್ನಿ, ಪ್ರಶ್ನೆ ಕೇಳುವಾಗ ತರುವ ಹಾಗೆಯೇ: ‘ಹಾರ್ಡ್ಲಿ ಹ್ಯಾಡ್ ದ ಬಸ್ ಲೆಫ್ಟ್ ಕುಂಬಳೆ ವೆನ್ ಇಟ್ ಸ್ಟಾರ್ಟೆಡ್ ಟು ರೇನ್.’ ಮಳೆಯ ಭಾಗವನ್ನು ಮುಟ್ಟಬೇಡಿ. ಅಲ್ಲೂ ‘ಹ್ಯಾಡ್’ ಸೇರಿಸುವವರಿದ್ದಾರೆ, ಅದು ತಪ್ಪು.

ನಡುವೆ ‘ದ್ಯಾನ್’ ಹಾಕಿದರೂ ಅಂಕ ಹೋಗಬಹುದು. ಅದು ‘ನೋ ಸೂನರ್’ನ ಜೋಡಿ, ‘ಹಾರ್ಡ್ಲಿ’ಗೆ ‘ವೆನ್’.

‘ನೆವರ್’ಗೂ ಇದೇ ಕ್ರಮ. ‘ಐ ಹ್ಯಾವ್ ನೆವರ್ ಸೀನ್’ ಇದ್ದದ್ದು ‘ನೆವರ್ ಹ್ಯಾವ್ ಐ ಸೀನ್’ ಆಗುತ್ತದೆ. ಆದರೆ ‘ಐ ನೆವರ್ ಸಾ’ ಎಂದಿದ್ದರೆ ಮುಂದೆ ತರಲು ಸಹಾಯಕ ಕ್ರಿಯಾಪದವೇ ಇಲ್ಲ. ಆಗ ‘ಡಿಡ್’ ಸೇರಿಸಿ, ‘ಸಾ’ವನ್ನು ‘ಸೀ’ಗೆ ಇಳಿಸಿ: ‘ನೆವರ್ ಡಿಡ್ ಐ ಸೀ.’ ‘ಡಿಡ್ ಐ ಸಾ’ ಎಂದು ಬರೆದಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.