ಮೂರು ರಿಮೋಟಿನ ಕೆಲಸವನ್ನು ಒಂದಕ್ಕೆ ಇಳಿಸಿದ ಬಗೆ

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಸಂಜೆ ಯಕ್ಷಗಾನದ ವಿಡಿಯೊ ನೋಡಬೇಕಾದರೆ ಟಿವಿ, ಸೌಂಡ್‌ಬಾರ್, ಫೈರ್ ಟಿವಿ ಸ್ಟಿಕ್ ಇವುಗಳ ಮೂರು ರಿಮೋಟ್‌ಗಳನ್ನು ಒಂದಾದ ಮೇಲೊಂದರಂತೆ ಒತ್ತಬೇಕಿತ್ತು. ಎಚ್‌ಡಿಎಂಐ ಕೇಬಲಿನಲ್ಲಿ ಚಿತ್ರ ಮತ್ತು ಧ್ವನಿಯ ತಂತಿಗಳಲ್ಲದೆ, 13ನೇ ಪಿನ್ನಿಗೆ ಸೇರಿದ ಸಿಇಸಿ ಎಂಬ ಪ್ರತ್ಯೇಕ ತಂತಿಯೊಂದಿದ್ದು, ಸಾಧನಗಳು ಪರಸ್ಪರ ಆಜ್ಞೆ ಕಳುಹಿಸುವುದು ಅದರ ಮೂಲಕ. ಸ್ಟಿಕ್ ಎಚ್ಚರಗೊಂಡಾಗ 'ಈಗ ತೋರಿಸಬೇಕಾದದ್ದು ನನ್ನನ್ನು' ಎಂಬ ಸಂದೇಶ ಟಿವಿಗೆ ಹೋಗುತ್ತದೆ. ಟಿವಿ ತಾನೇ ಆನ್ ಆಗಿ, ಇನ್‌ಪುಟ್ ಬದಲಿಸಿಕೊಂಡು, ಸೌಂಡ್‌ಬಾರನ್ನೂ ಎಬ್ಬಿಸುತ್ತದೆ.

ಈ ಸೌಲಭ್ಯವನ್ನು ಎರಡೂ ಕಡೆ ಆನ್ ಮಾಡಬೇಕು. ಸ್ಟಿಕ್ಕಿನಲ್ಲಿ `Settings` ತೆರೆದು `Display & Sounds` ಒಳಗಿನ `HDMI CEC Device Control` ಆನ್ ಮಾಡಿದೆ. ಟಿವಿಯಲ್ಲಿ ಹುಡುಕುವುದು ತುಸು ಕಷ್ಟ, ಏಕೆಂದರೆ ಪ್ರತಿ ಕಂಪನಿಯೂ ಇದಕ್ಕೆ ತನ್ನದೇ ಹೆಸರಿಟ್ಟಿದೆ: ಸೋನಿಯಲ್ಲಿ `BRAVIA Sync`, ಸ್ಯಾಮ್‌ಸಂಗ್‌ನಲ್ಲಿ `Anynet+`, ಎಲ್‌ಜಿಯಲ್ಲಿ `SIMPLINK`. ನಮ್ಮದು ಸೋನಿಯಾದ್ದರಿಂದ ಸೆಟ್ಟಿಂಗ್ಸ್‌ನ `External inputs` ಭಾಗದಲ್ಲಿ ಅದು ಸಿಕ್ಕಿತು. ಸೌಂಡ್‌ಬಾರಿನ ಎಚ್‌ಡಿಎಂಐ ಕೇಬಲನ್ನು ಟಿವಿಯ ಹಿಂದೆ `ARC` ಎಂದು ಬರೆದಿರುವ, ಟಿವಿಯ ಧ್ವನಿಯನ್ನು ಹೊರಗೆ ಕಳುಹಿಸಬಲ್ಲ ಕಿಂಡಿಗೇ ಹಾಕಿದೆ.

ಆದರೂ ಮೊದಲ ದಿನ ಕೆಲಸ ಮಾಡಲಿಲ್ಲ. ಸ್ಟಿಕ್ಕಿನ ರಿಮೋಟಿನಲ್ಲಿ ಪವರ್ ಗುಂಡಿ ಒತ್ತಿದರೆ ಟಿವಿ ಆನ್ ಆಗುತ್ತಿತ್ತು, ಹೋಮ್ ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆ ಪವರ್ ಗುಂಡಿ ಹಳೆಯ ರಿಮೋಟ್‌ಗಳಂತೆ ಇನ್‌ಫ್ರಾರೆಡ್ ಕಿರಣವನ್ನು ನೇರವಾಗಿ ಟಿವಿಗೆ ಕಳುಹಿಸಬಲ್ಲದಾದ್ದರಿಂದ, ಅದರಿಂದ ಟಿವಿ ಆನ್ ಆದರೆ ಸಿಇಸಿ ಸರಿಯಿದೆ ಎಂದು ಹೇಳಲಾಗದು. ಸರಿಯಾದ ಪರೀಕ್ಷೆಯೆಂದರೆ ಹೋಮ್ ಗುಂಡಿಯೇ.

ಕಾರಣ ನನ್ನದೇ ತಪ್ಪು. ಪ್ಲಗ್ ಉಳಿಸಲೆಂದು ಸ್ಟಿಕ್ಕಿಗೆ ಟಿವಿಯ ಯುಎಸ್‌ಬಿ ಕಿಂಡಿಯಿಂದ ವಿದ್ಯುತ್ ಕೊಟ್ಟಿದ್ದೆ. ನಮ್ಮ ಟಿವಿ ಆಫ್ ಆದೊಡನೆ ಆ ಕಿಂಡಿಯೂ ಸತ್ತು, ಸಂದೇಶ ಕಳುಹಿಸಬೇಕಾದ ಸ್ಟಿಕ್ಕಿಗೇ ಜೀವವಿರುತ್ತಿರಲಿಲ್ಲ. ಜೊತೆಗೆ ಬಂದಿದ್ದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ ಮೇಲೆ ಹೋಮ್ ಒಂದನ್ನೇ ಒತ್ತಿದರೆ ಮೂರೂ ಎಚ್ಚರಗೊಂಡವು.

ಇನ್ನೊಂದು ತೊಡಕು ನಮ್ಮ ಕರಾವಳಿಯದ್ದೇ. ಗುಡುಗು ಶುರುವಾದರೆ ಅಮ್ಮ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡುತ್ತಾರೆ, ಅದು ಸರಿಯೂ ಹೌದು. ಆದರೆ ಸಿಇಸಿ ಎಬ್ಬಿಸಬಲ್ಲದ್ದು ಸ್ಟ್ಯಾಂಡ್‌ಬೈನಲ್ಲಿರುವ ಟಿವಿಯನ್ನು ಮಾತ್ರ. ಕರೆಂಟೇ ಇಲ್ಲದ ಟಿವಿಯನ್ನಲ್ಲ. ಆದ್ದರಿಂದ ಮತ್ತೆ ಪ್ಲಗ್ ಹಾಕಿದ ಮೇಲೆ ಸ್ಟಿಕ್ ಪೂರ್ತಿ ಶುರುವಾಗುವವರೆಗೆ ಒಂದೆರಡು ನಿಮಿಷ ಬಿಟ್ಟು ಹೋಮ್ ಒತ್ತಬೇಕೆಂದು ಹೇಳಿಕೊಟ್ಟಿದ್ದೇನೆ. ಹಾಗೆಯೂ ಸಂಪರ್ಕ ಸಿಗದಿದ್ದರೆ ಮೂರರ ಪ್ಲಗ್ಗನ್ನೂ ಕಿತ್ತು, ಐದು ನಿಮಿಷ ಬಿಟ್ಟು, ಮೊದಲು ಟಿವಿ, ಆಮೇಲೆ ಉಳಿದವನ್ನು ಆನ್ ಮಾಡುತ್ತೇನೆ.

ಕೇಬಲ್ ಚಾನೆಲ್‌ಗಳ ಸೆಟ್‌ಟಾಪ್ ಬಾಕ್ಸ್ ಈ ಕೂಟಕ್ಕೆ ಸೇರಲಿಲ್ಲ. ಅದರ ಮೆನುವಿನಲ್ಲಿ ಇಂತಹ ಆಯ್ಕೆಯೇ ಇಲ್ಲದ್ದರಿಂದ, ವಾರ್ತೆ ನೋಡುವಾಗ ಅಮ್ಮನಿಗೆ ಈಗಲೂ ಎರಡನೆಯ ರಿಮೋಟ್ ಬೇಕು.